ಒಂದೇ ಹಾಳೆಯಲ್ಲಿ ಆಡಳಿತ ಕಾನೂನು

ಆಡಳಿತ ಕಾನೂನಿನ ಪಠ್ಯಪುಸ್ತಕವನ್ನು ಪುಟ ತಿರುವಿದರೆ ಕಾಣುವುದು ಬಿಡಿಬಿಡಿ ಅಧ್ಯಾಯಗಳು. ಕಾನೂನಿನ ಆಳ್ವಿಕೆ, ಅಧಿಕಾರ ವಿಭಜನೆ, ಅಧೀನ ಶಾಸನ, ಸಹಜ ನ್ಯಾಯ, ವಿವೇಚನಾಧಿಕಾರ, ನ್ಯಾಯಮಂಡಳಿಗಳು, ರಿಟ್‌ಗಳು, ಸರ್ಕಾರದ ಹೊಣೆ, ಲೋಕಾಯುಕ್ತ. ಪರೀಕ್ಷೆಯ ಪ್ರಬಂಧ ಪ್ರಶ್ನೆಗಳೂ ಸಾಮಾನ್ಯವಾಗಿ ಒಂದೊಂದು ಅಧ್ಯಾಯದಿಂದಲೇ ಬರುತ್ತವೆ. ಸಮಸ್ಯೆ ರೂಪದ ಪ್ರಶ್ನೆ ಹಾಗಲ್ಲ. ಪರವಾನಗಿ ಕಳೆದುಕೊಂಡ ಒಬ್ಬ ವ್ಯಾಪಾರಿಯ ಕಥೆಯೊಳಗೆ ನಾಲ್ಕು ಅಧ್ಯಾಯಗಳು ಒಟ್ಟಿಗೆ ಬಂದು ಕೂತಿರುತ್ತವೆ. ಎಲ್ಲವನ್ನೂ ಓದಿದ್ದ ವಿದ್ಯಾರ್ಥಿ ತಡವರಿಸುವುದು ಇಂಥ ಕಡೆಯೇ. ಕೊನೆಯ ವಾರಕ್ಕೆ ಬರೆದುಕೊಳ್ಳುವ ಒಂದು ಪುಟದ ಮೈಂಡ್ ಮ್ಯಾಪ್‌ನ ನಿಜವಾದ ಕೆಲಸ ಅಧ್ಯಾಯಗಳನ್ನು ಚಿಕ್ಕದಾಗಿಸುವುದಲ್ಲ, ಅವುಗಳ ನಡುವಿನ ದಾರಿಗಳನ್ನು ತೋರಿಸುವುದು.

ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಬೇಕು. ನಡುವೆ ‘ಆಡಳಿತ ಕಾನೂನು’ ಎಂದು ಬರೆಯುವ ರೂಢಿಯಿದೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಆ ಹೆಸರಿನಿಂದ ಯಾವ ಕೊಂಬೆಯೂ ತಾನಾಗಿ ಹುಟ್ಟುವುದಿಲ್ಲ. ಅಲ್ಲಿ ಬರೆಯಬೇಕಾದ್ದು ಒಂದು ಪ್ರಶ್ನೆ: ಅಧಿಕಾರಿಗೆ ಈ ಅಧಿಕಾರ ಎಲ್ಲಿಂದ ಬಂತು, ಅವನು ಅದನ್ನು ಹೇಗೆ ಚಲಾಯಿಸಿದ, ತಪ್ಪಿದ್ದರೆ ನೊಂದವನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯ ಮೂರು ತುಂಡುಗಳೇ ಮೂರು ಮುಖ್ಯ ಕೊಂಬೆಗಳು. ಎಡಕ್ಕೆ ಅಧಿಕಾರದ ಮೂಲ, ಮೇಲಕ್ಕೆ ಚಲಾವಣೆಯ ರೀತಿ, ಬಲಕ್ಕೆ ಪರಿಹಾರ. ಪಠ್ಯಕ್ರಮದ ಯಾವ ವಿಷಯವೂ ಈ ಮೂರರ ಹೊರಗೆ ಉಳಿಯುವುದಿಲ್ಲ.

ಹಿನ್ನೆಲೆಯ ತತ್ವಗಳಿಗೆ ಕೆಳಗಿನ ಒಂದು ಮೂಲೆ ಸಾಕು. ಎ. ವಿ. ಡೈಸಿ 1885ರಲ್ಲಿ ವಿವರಿಸಿದ ಕಾನೂನಿನ ಆಳ್ವಿಕೆ, ಫ್ರಾನ್ಸಿನ ಆಡಳಿತ ನ್ಯಾಯಾಲಯಗಳ ಬಗ್ಗೆ ಅವನಿಗಿದ್ದ ಅನುಮಾನ, ಮಾಂಟೆಸ್ಕ್ಯೂನ ಅಧಿಕಾರ ವಿಭಜನೆ, ಭಾರತದಲ್ಲಿ ಆ ವಿಭಜನೆ ಕಟ್ಟುನಿಟ್ಟಾಗಿಲ್ಲ ಎಂದ ರಾಮ್ ಜವಾಯಾ ಕಪೂರ್ ಪ್ರಕರಣ (1955). ಇದು ನೇರ ಪ್ರಶ್ನೆಗೆ ಬೇಕಾಗುವ ಸಾಮಗ್ರಿ. ಸಮಸ್ಯೆ ಬಿಡಿಸುವಾಗ ಇದರಿಂದ ಸಿಗುವ ನೆರವು ಕಡಿಮೆ, ಆದ್ದರಿಂದ ಜಾಗವೂ ಕಡಿಮೆಯಿರಲಿ.

ಎಡಗೊಂಬೆಯ ಮುಖ್ಯ ವಿಷಯ ಅಧೀನ ಶಾಸನ. ಶಾಸಕಾಂಗ ಕಾಯ್ದೆ ಮಾಡುತ್ತದೆ, ವಿವರ ತುಂಬುವ ನಿಯಮ, ಅಧಿಸೂಚನೆ, ಆದೇಶಗಳನ್ನು ಸರ್ಕಾರಕ್ಕೆ ಬಿಡುತ್ತದೆ. ಎಷ್ಟನ್ನು ಬಿಡಬಹುದು ಎಂಬುದೇ ಇಲ್ಲಿನ ತಕರಾರು. 1951ರ ದೆಹಲಿ ಕಾನೂನುಗಳ ಪ್ರಕರಣದಲ್ಲಿ ರಾಷ್ಟ್ರಪತಿಗಳು ಕೇಳಿದ ಸಲಹೆಗೆ ಏಳು ನ್ಯಾಯಮೂರ್ತಿಗಳು ಏಳು ಬೇರೆ ಬೇರೆ ಅಭಿಪ್ರಾಯ ಬರೆದರು. ಆ ಏಳನ್ನೂ ನೆನಪಿಡಲು ಹೊರಟರೆ ವಾರವೇ ಸಾಲದು. ಎಲ್ಲದರಿಂದ ಉಳಿಯುವ ತಿರುಳು ಒಂದು: ನೀತಿಯನ್ನು ನಿರ್ಧರಿಸುವ ಮೂಲ ಶಾಸನ ಕಾರ್ಯವನ್ನು ಶಾಸಕಾಂಗ ಕೈಬಿಡುವಂತಿಲ್ಲ, ಉಳಿದದ್ದನ್ನು ಕೊಡಬಹುದು. ಒಂದು ಪ್ರದೇಶಕ್ಕೆ ಬೇರೆಡೆಯ ಕಾನೂನನ್ನು ಅಳವಡಿಸುವ ಅಧಿಕಾರ ಅಲ್ಲಿ ಉಳಿಯಿತು. ಅಲ್ಲಿ ಆಗಲೇ ಇದ್ದ ಕಾನೂನನ್ನು ರದ್ದುಮಾಡುವ ಅಧಿಕಾರ ಬಿತ್ತು. ಮ್ಯಾಪ್‌ನಲ್ಲಿ ‘ದೆಹಲಿ 1951: ನೀತಿ ಉಳಿಸಿಕೊ, ವಿವರ ಕೊಡು’ ಎಂದಷ್ಟೇ ಇದ್ದರೆ ಸಾಕು. ಅದರ ಪಕ್ಕದಲ್ಲಿ ಹರಿಶಂಕರ್ ಬಾಗ್ಲಾ (1954): ಅಗತ್ಯ ವಸ್ತುಗಳ ಸರಬರಾಜನ್ನು ನಿಯಂತ್ರಿಸುವ ಆದೇಶ ಹೊರಡಿಸಲು ಸರ್ಕಾರಕ್ಕೆ ಕೊಟ್ಟ ಅಧಿಕಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು, ಏಕೆಂದರೆ ಏತಕ್ಕಾಗಿ ನಿಯಂತ್ರಣ ಎಂಬುದನ್ನು ಕಾಯ್ದೆಯೇ ಹೇಳಿತ್ತು. ಇದೇ ಕೊಂಬೆಯಿಂದ ನಿಯಂತ್ರಣದ ಮೂರು ಕಡ್ಡಿಗಳು ಹೊರಡುತ್ತವೆ. ಸದನದ ಮುಂದೆ ಮಂಡನೆ, ಪ್ರಕಟಣೆ ಮತ್ತು ಸಮಾಲೋಚನೆಯಂಥ ಕ್ರಮ, ಮೂಲ ಕಾಯ್ದೆಯ ಮೇರೆ ಮೀರಿದ್ದನ್ನು ನ್ಯಾಯಾಲಯ ರದ್ದುಮಾಡುವುದು. ಪ್ರಕಟಣೆಗೆ ಹರ್ಲಾ ಪ್ರಕರಣ (1951): ಜನರಿಗೆ ತಿಳಿಸದ ಕಾನೂನು ಯಾರನ್ನೂ ಕಟ್ಟಿಹಾಕದು.

ಮೇಲಿನ ಕೊಂಬೆಗೆ ಹಾಳೆಯ ಅರ್ಧದಷ್ಟನ್ನಾದರೂ ಕೊಡಬೇಕು. ಅದರಲ್ಲಿ ಎರಡು ಕವಲು: ಸಹಜ ನ್ಯಾಯ, ವಿವೇಚನಾಧಿಕಾರ.

ಸಹಜ ನ್ಯಾಯದ ಕವಲಿನಲ್ಲಿ ಮೊದಲು ಬರುವುದು ‘ಯಾವಾಗ ಅನ್ವಯ?’ ಎಂಬ ಪ್ರಶ್ನೆ. ನೋಟೀಸು, ಆಲಿಸುವಿಕೆ, ಪಕ್ಷಪಾತ ಎಂದು ನೇರವಾಗಿ ತತ್ವಗಳಿಗೆ ಹೋಗುವ ವಿದ್ಯಾರ್ಥಿಗಳು ಬಹಳ, ಅನ್ವಯದ ಅಂಶದ ಅಂಕಗಳು ಅಲ್ಲೇ ಕಳೆದುಹೋಗುತ್ತವೆ. ಹಿಂದೆ ನಿರ್ಣಯ ಅರೆನ್ಯಾಯಿಕವಾಗಿದ್ದರೆ ಮಾತ್ರ ಈ ತತ್ವಗಳು ಎಂಬ ನಂಬಿಕೆಯಿತ್ತು. ಇಂಗ್ಲೆಂಡಿನಲ್ಲಿ ರಿಜ್ ವಿರುದ್ಧ ಬಾಲ್ಡ್ವಿನ್, ಇಲ್ಲಿ ಬೀನಾಪಾಣಿ ದೇಯಿ (1967) ಅದನ್ನು ಅಲುಗಾಡಿಸಿದವು. ಗೋಡೆಯನ್ನು ಬೀಳಿಸಿದ್ದು 1969ರ ಎ. ಕೆ. ಕ್ರೈಪಕ್ ಪ್ರಕರಣ. ಆ ತೀರ್ಪನ್ನು ಬರೆದವರು ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಅಧ್ಯಕ್ಷರಾದವರು.

ಆ ಪ್ರಕರಣದ ಸಂಗತಿಗಳನ್ನು ಬಿಡದೆ ತಿಳಿದಿರಬೇಕು, ಏಕೆಂದರೆ ಮ್ಯಾಪ್‌ನ ಹಲವು ದಾರಿಗಳು ಅಲ್ಲೇ ಕೂಡುತ್ತವೆ. ಹೊಸದಾಗಿ ರಚನೆಯಾಗಿದ್ದ ಭಾರತೀಯ ಅರಣ್ಯ ಸೇವೆಗೆ ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳನ್ನು ಆರಿಸಬೇಕಿತ್ತು. ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆಯ್ಕೆ ಮಂಡಳಿಯ ಸದಸ್ಯರೂ ಹೌದು, ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಅವರು ಮಂಡಳಿಯಲ್ಲಿ ಕೂರಲಿಲ್ಲ. ಆದರೆ ತಮ್ಮೊಡನೆ ಸ್ಪರ್ಧೆಯಲ್ಲಿದ್ದವರ ಹೆಸರುಗಳು ಬಂದಾಗ ಕೂತಿದ್ದರು. ಪಟ್ಟಿಯ ಮೊದಲ ಹೆಸರು ಅವರದೇ ಆಯಿತು. ಆ ಪಟ್ಟಿ ಲೋಕಸೇವಾ ಆಯೋಗದ ಮುಂದೆ ಹೋಗಿ ಅಂತಿಮವಾಯಿತು. ನ್ಯಾಯಾಲಯ ಮೂರು ಮಾತು ಹೇಳಿತು. ಆಯ್ಕೆ ಬರೀ ಆಡಳಿತಾತ್ಮಕ ಕೆಲಸವಾದರೂ ಸಹಜ ನ್ಯಾಯ ಅದಕ್ಕೆ ಅನ್ವಯಿಸುತ್ತದೆ. ಪಕ್ಷಪಾತ ನಡೆದೇ ನಡೆಯಿತೆಂದು ಸಾಬೀತಾಗಬೇಕಿಲ್ಲ, ಅದರ ಸಂಭವ ಸಹಜವಾಗಿ ಕಾಣುವಂತಿದ್ದರೆ ಸಾಕು. ಮಂಡಳಿಯ ಕಲೆ ಅದರ ಶಿಫಾರಸನ್ನು ನೆಚ್ಚಿಕೊಂಡ ಅಂತಿಮ ಪಟ್ಟಿಗೂ ಅಂಟುತ್ತದೆ. ಹೀಗೆ ಕ್ರೈಪಕ್ ಎಂಬ ಒಂದು ಹೆಸರು ‘ಯಾವಾಗ ಅನ್ವಯ?’ ಎಂಬಲ್ಲೂ ಪಕ್ಷಪಾತದ ಕಡ್ಡಿಯ ಮೇಲೂ ಇರಬೇಕು. ಬಲಗಡೆಯ ರಿಟ್ ಕೊಂಬೆಗೂ ಅದರಿಂದ ಒಂದು ಗೆರೆ ಹೋಗಬೇಕು. ಸರ್ಷಿಯೊರರೈ ರಿಟ್ ಅರೆನ್ಯಾಯಿಕ ನಿರ್ಣಯಕ್ಕೆ ಮಾತ್ರ ಎಂಬ ಹಳೆಯ ಪಾಠ ಈ ತೀರ್ಪಿನ ನಂತರ ಸಡಿಲವಾಯಿತು.

ಆಲಿಸುವ ಹಕ್ಕಿನ ಕಡ್ಡಿಯಲ್ಲಿ ಕ್ರಮ ಹೀಗಿರಲಿ: ನೋಟೀಸು, ಆಧಾರ ದಾಖಲೆಗಳ ಪ್ರತಿ, ಹೇಳಿಕೊಳ್ಳಲು ಅವಕಾಶ, ಕಾರಣ ಸಹಿತ ಆದೇಶ. ಕಾರಣಗಳಿಗೆ ಎಸ್. ಎನ್. ಮುಖರ್ಜಿ (1990). ಅದರ ಪಕ್ಕದಲ್ಲೇ ವಿನಾಯಿತಿಗಳು: ತುರ್ತು, ಕಾನೂನೇ ಹೊರಗಿಟ್ಟದ್ದು, ಅನಿವಾರ್ಯತೆ. ತುಳಸೀರಾಂ ಪಟೇಲ್ (1985) ಸಂವಿಧಾನವೇ ವಿಚಾರಣೆಯನ್ನು ಹೊರಗಿಟ್ಟ ಸಂದರ್ಭಕ್ಕೆ ಉದಾಹರಣೆ. ವಿನಾಯಿತಿಯ ಕೆಳಗೆ ಮೇನಕಾ ಗಾಂಧಿ (1978): ಪಾಸ್‌ಪೋರ್ಟ್ ಮುಟ್ಟುಗೋಲಿಗೆ ಮುನ್ನ ಕೇಳಲಾಗದಿದ್ದರೂ ಆಮೇಲಾದರೂ ಕೇಳಬೇಕು. ಕೊನೆಯಲ್ಲಿ ‘ಉಲ್ಲಂಘನೆಯ ಫಲವೇನು?’ ಎಂಬುದಕ್ಕೆ ಇಸಿಐಎಲ್ ವಿರುದ್ಧ ಕರುಣಾಕರ್ (1993). ಶಿಸ್ತು ವಿಚಾರಣೆಯ ವರದಿಯ ಪ್ರತಿಯನ್ನು ನೌಕರನಿಗೆ ಕೊಡಲೇಬೇಕು, ಆದರೆ ಕೊಡದಿದ್ದುದರಿಂದ ಅವನಿಗೆ ಬಾಧೆಯಾಯಿತೇ ಎಂದು ನೋಡದೆ ಶಿಕ್ಷೆಯನ್ನು ತಾನಾಗಿ ರದ್ದುಮಾಡುವಂತಿಲ್ಲ ಎಂದಿತು ಆ ತೀರ್ಪು. ಈ ಕಡ್ಡಿಯಿಲ್ಲದ ಮ್ಯಾಪ್ ಹಿಡಿದು ಬರೆದ ಉತ್ತರಗಳೆಲ್ಲ ‘ಆದ್ದರಿಂದ ಆದೇಶ ರದ್ದಾಗುತ್ತದೆ’ ಎಂದೇ ಮುಗಿಯುತ್ತವೆ.

ವಿವೇಚನಾಧಿಕಾರದ ಕವಲನ್ನು ಎರಡಾಗಿ ಸೀಳಿದರೆ ಗೊಂದಲವೇ ಇರುವುದಿಲ್ಲ. ಒಂದು, ಅಧಿಕಾರಿ ವಿವೇಚನೆಯನ್ನು ಕೆಟ್ಟದಾಗಿ ಬಳಸಿದ: ದುರುದ್ದೇಶ, ಸಂಬಂಧವಿಲ್ಲದ ಕಾರಣ, ಯಾವ ವಿವೇಕಿಯೂ ಒಪ್ಪದ ನಿರ್ಣಯ. ಇಲ್ಲಿ 1947ರ ವೆನ್ಸ್‌ಬರಿ ಪ್ರಕರಣ, ದುರುದ್ದೇಶಕ್ಕೆ ಪ್ರತಾಪ್ ಸಿಂಗ್ (1964). ಇನ್ನೊಂದು, ಅವನು ವಿವೇಚನೆಯನ್ನು ಬಳಸಲೇ ಇಲ್ಲ: ಬೇರೆಯವರ ಆಣತಿಯಂತೆ ನಡೆದ, ಬೇರೆಯವರಿಗೆ ವಹಿಸಿಬಿಟ್ಟ, ಕಣ್ಣುಮುಚ್ಚಿ ಒಂದೇ ನಿಯಮ ಹಾಕಿದ. ಇಲ್ಲಿ ಗೋರ್ಧನ್‌ದಾಸ್ ಭಾಂಜಿ. ಅಂಧೇರಿಯಲ್ಲಿ ಸಿನಿಮಾ ಮಂದಿರ ಕಟ್ಟಲು ಮುಂಬೈ ಪೊಲೀಸ್ ಕಮಿಷನರ್ ಅನುಮತಿ ಕೊಟ್ಟಿದ್ದರು. ಬಳಿಕ ಸರ್ಕಾರ ಸೂಚಿಸಿದೆ ಎಂದು ಬರೆದು ಅದನ್ನು ರದ್ದುಮಾಡಿದರು. ಅಧಿಕಾರ ಕಾನೂನಿನ ಪ್ರಕಾರ ಕಮಿಷನರ್‌ಗೆ ಸೇರಿದ್ದರಿಂದ ಆ ರದ್ದತಿ ನಿಲ್ಲಲಿಲ್ಲ. ಸಾರ್ವಜನಿಕ ಆದೇಶಕ್ಕೆ ಅದರ ಮಾತುಗಳಿಂದಲೇ ಅರ್ಥ ಹಚ್ಚಬೇಕು, ಅಧಿಕಾರಿ ಆಮೇಲೆ ಕೊಡುವ ವಿವರಣೆಯಿಂದಲ್ಲ ಎಂಬ ಎರಡನೆಯ ಸೂತ್ರವೂ ಆ ತೀರ್ಪಿನಲ್ಲಿದೆ. ಮೊಹಿಂದರ್ ಸಿಂಗ್ ಗಿಲ್ (1978) ಅದನ್ನೇ ಬಲಪಡಿಸಿತು. ಇದನ್ನು ‘ಕಾರಣ ಸಹಿತ ಆದೇಶ’ದ ಕಡ್ಡಿಗೆ ಗೆರೆ ಎಳೆದು ಸೇರಿಸಬೇಕು. ಕೊಟ್ಟ ಮಾತಿಗೆ ಸರ್ಕಾರ ಬದ್ಧವೇ ಎಂಬ ಪ್ರಶ್ನೆಗೆ ಮೋತಿಲಾಲ್ ಪದಂಪತ್ (1979) ಸಹ ಈ ಕವಲಿನ ತುದಿಯಲ್ಲಿರಲಿ.

ಬಲಗೊಂಬೆಯಲ್ಲಿ ಐದು ರಿಟ್‌ಗಳನ್ನು ಹೆಸರಿನಿಂದಲ್ಲ, ಬೇಡಿಕೆಯಿಂದ ಬರೆಯುವುದು ಲೇಸು. ‘ಬಿಡಿಸು’ ಹೇಬಿಯಸ್ ಕಾರ್ಪಸ್, ‘ಮಾಡು’ ಮ್ಯಾಂಡಮಸ್, ‘ನಿಲ್ಲಿಸು’ ಪ್ರೊಹಿಬಿಷನ್, ‘ರದ್ದುಮಾಡು’ ಸರ್ಷಿಯೊರರೈ, ‘ಯಾವ ಹಕ್ಕಿನಿಂದ ಕೂತಿದ್ದೀಯೆ?’ ಕೋ ವಾರಂಟೊ. ಕೊನೆಯದಕ್ಕೆ ಮೈಸೂರು ವಿಶ್ವವಿದ್ಯಾಲಯ ವಿರುದ್ಧ ಗೋವಿಂದರಾವ್ ಪ್ರಕರಣ (1963) ಎಲ್ಲ ಪುಸ್ತಕಗಳಲ್ಲೂ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇಂಗ್ಲಿಷ್ ರೀಡರ್ ನೇಮಕಾತಿಯ ವಿವಾದ ಅದು. ಹೈಕೋರ್ಟು ನೇಮಕವನ್ನು ಒಪ್ಪಲಿಲ್ಲ, ಸುಪ್ರೀಂ ಕೋರ್ಟು ಒಪ್ಪಿತು. ಹುದ್ದೆ ಸಾರ್ವಜನಿಕವಾಗಿರಬೇಕು, ಕೂತವನಿಗೆ ಕಾನೂನಿನ ಹಕ್ಕಿರಬಾರದು ಎಂಬ ಷರತ್ತುಗಳನ್ನು ಸ್ಪಷ್ಟಪಡಿಸಿತು. ನ್ಯಾಯಮಂಡಳಿಗಳ ಕಡ್ಡಿಗೆ ಎಲ್. ಚಂದ್ರಕುಮಾರ್ (1997) ಒಂದೇ ಸಾಕು: ಮಂಡಳಿಯ ತೀರ್ಪನ್ನು ಹೈಕೋರ್ಟಿನ ವಿಭಾಗೀಯ ಪೀಠ ಪರಿಶೀಲಿಸಬಹುದು, ಆ ಅಧಿಕಾರವನ್ನು ಕಿತ್ತುಹಾಕಲಾಗದು. ಪರಿಹಾರಧನದ ಕಡ್ಡಿಯಲ್ಲಿ ಮೂರು ನಿಲುಗಡೆ. ವಿದ್ಯಾವತಿ (1962), ಸರ್ಕಾರಿ ಜೀಪಿನ ಅಪಘಾತಕ್ಕೆ ರಾಜ್ಯ ಹೊಣೆ. ಕಸ್ತೂರಿಲಾಲ್ (1965), ಪೊಲೀಸರ ವಶದಲ್ಲಿದ್ದ ಚಿನ್ನ ಹೋದರೆ ಹೊಣೆಯಿಲ್ಲ. ರುದುಲ್ ಸಾಹ್ (1983), ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿಟ್ಟದ್ದಕ್ಕೆ ರಿಟ್ ಅರ್ಜಿಯಲ್ಲೇ ಹಣ.

ಲೋಕಾಯುಕ್ತಕ್ಕೆ 1984ರ ಕರ್ನಾಟಕ ಕಾಯ್ದೆ ಸಾಕು, ಆದರೆ ಅಲ್ಲಿಂದ ಎಡಗೊಂಬೆಗೊಂದು ಗೆರೆ ಬೇಕು. 2016ರಲ್ಲಿ ಸರ್ಕಾರಿ ಆದೇಶದ ಮೂಲಕ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳವನ್ನು ಕರ್ನಾಟಕ ಹೈಕೋರ್ಟು 2022ರ ಆಗಸ್ಟ್‌ನಲ್ಲಿ ರದ್ದುಮಾಡಿತು. ಕಾರ್ಯಾಂಗದ ಆದೇಶವೊಂದು ಕಾಯ್ದೆಯಡಿ ಬಂದ ಸಂಸ್ಥೆಯ ಕೆಲಸವನ್ನು ಕಸಿಯಬಹುದೇ ಎಂಬುದು ಅಧಿಕಾರದ ಮೂಲದ ಪ್ರಶ್ನೆಯೇ.

ಇಷ್ಟಾದ ಮೇಲೆ ಮ್ಯಾಪ್ ನಡೆಯುತ್ತದೆಯೇ ಎಂದು ಒಂದು ಕಾಲ್ಪನಿಕ ಪ್ರಶ್ನೆಯಿಂದ ನೋಡಬಹುದು. ಅಗತ್ಯ ವಸ್ತುಗಳ ಕಾಯ್ದೆ 1955ರ ಅಡಿಯ ನಿಯಂತ್ರಣ ಆದೇಶವು ನ್ಯಾಯಬೆಲೆ ಅಂಗಡಿಯ ಪರವಾನಗಿ ರದ್ದುಮಾಡುವ ಅಧಿಕಾರವನ್ನು ಆಹಾರ ಇಲಾಖೆಯ ಉಪನಿರ್ದೇಶಕರಿಗೆ ಕೊಟ್ಟಿದೆ. ಶಾಸಕರೊಬ್ಬರ ದೂರಿನ ಮೇಲೆ ಸಚಿವರು ಪತ್ರ ಬರೆಯುತ್ತಾರೆ. ಉಪನಿರ್ದೇಶಕರು ಅಂಗಡಿಯವನಿಗೆ ನೋಟೀಸು ಕೊಡದೆ, ‘ಸಚಿವರ ಸೂಚನೆಯಂತೆ ಪರವಾನಗಿ ರದ್ದುಪಡಿಸಲಾಗಿದೆ’ ಎಂದು ಒಂದು ಸಾಲಿನ ಆದೇಶ ಹೊರಡಿಸುತ್ತಾರೆ. ಮೇಲ್ಮನವಿಗೆ ಅವಕಾಶವಿದ್ದರೂ ಅಂಗಡಿಯವನು ನೇರವಾಗಿ ಹೈಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಸರ್ಕಾರ, ದಾಸ್ತಾನಿನಲ್ಲಿ ಅಕ್ಕಿ ಕಡಿಮೆಯಿತ್ತು ಎಂದು ಪ್ರಮಾಣಪತ್ರ ಸಲ್ಲಿಸುತ್ತದೆ. ಅಂಗಡಿಯವನು ನಷ್ಟಪರಿಹಾರವನ್ನೂ ಕೇಳುತ್ತಾನೆ.

ಬೆರಳು ಎಡಗೊಂಬೆಯಿಂದ ಹೊರಡಬೇಕು. ನಿಯಂತ್ರಣ ಆದೇಶ ಅಧೀನ ಶಾಸನ. ಬಾಗ್ಲಾ ತೀರ್ಪಿನ ದಾರಿಯಲ್ಲಿ ಅದು ಊರ್ಜಿತ. ಇಲ್ಲಿ ಜಗಳ ಮೂಲದ್ದಲ್ಲ, ಆದ್ದರಿಂದ ಎರಡು ಸಾಲಿನಲ್ಲಿ ಮುಗಿಸಿ ಮೇಲಕ್ಕೆ ಹೋಗಬೇಕು. ಅಧಿಕಾರ ಉಪನಿರ್ದೇಶಕರದು, ನಿರ್ಣಯ ಸಚಿವರದು: ವಿವೇಚನೆಯನ್ನು ಬಳಸಲೇ ಇಲ್ಲ ಎಂಬ ಕಡ್ಡಿ, ಗೋರ್ಧನ್‌ದಾಸ್. ಜೀವನೋಪಾಯ ಕಿತ್ತುಕೊಳ್ಳುವ ಆದೇಶಕ್ಕೆ ನೋಟೀಸಿಲ್ಲ: ಬೀನಾಪಾಣಿ ಮತ್ತು ಕ್ರೈಪಕ್‌ನಿಂದಾಗಿ ಸಹಜ ನ್ಯಾಯ ಅನ್ವಯ. ತುರ್ತು ಇತ್ತೇ? ಪ್ರಶ್ನೆಯಲ್ಲಿ ಸುಳಿವಿಲ್ಲ. ಅಕ್ಕಿಯ ಕೊರತೆಯ ಮಾತು ಆದೇಶದಲ್ಲಿ ಇರಲಿಲ್ಲ: ಮೊಹಿಂದರ್ ಸಿಂಗ್ ಗಿಲ್‌ನಿಂದಾಗಿ ಆ ಪ್ರಮಾಣಪತ್ರ ಆದೇಶವನ್ನು ಉಳಿಸದು. ಆಮೇಲೆ ಬಲಕ್ಕೆ. ಮೇಲ್ಮನವಿ ಇರುವುದು ರಿಟ್‌ಗೆ ಪೂರ್ಣ ತಡೆಯಲ್ಲ. ವರ್ಲ್‌ಪೂಲ್ ಪ್ರಕರಣ (1998) ಎಣಿಸಿದ ವಿನಾಯಿತಿಗಳಲ್ಲಿ ಸಹಜ ನ್ಯಾಯದ ಉಲ್ಲಂಘನೆಯೂ ಒಂದು. ಕೇಳಬೇಕಾದ್ದು ಆದೇಶ ರದ್ದತಿಗೆ ಸರ್ಷಿಯೊರರೈ, ಸರಬರಾಜು ಮತ್ತೆ ಕೊಡಲು ಮ್ಯಾಂಡಮಸ್.

ಕೊನೆಯ ಎರಡು ತಿರುವುಗಳಲ್ಲಿ ಒಳ್ಳೆಯ ಉತ್ತರ ಬೇರೆಯಾಗಿ ಕಾಣುತ್ತದೆ. ರುದುಲ್ ಸಾಹ್ ಹಾದಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಮುರಿದಾಗ ತೆರೆದುಕೊಂಡದ್ದು; ವ್ಯಾಪಾರದ ನಷ್ಟವನ್ನು ಸಾಕ್ಷ್ಯದೊಂದಿಗೆ ಸಾಬೀತುಮಾಡಲು ಸಿವಿಲ್ ನ್ಯಾಯಾಲಯವೇ ಸಾಮಾನ್ಯ ಜಾಗ. ಇನ್ನೊಂದು, ಅಂಗಡಿಯವನು ಗೆದ್ದನೆಂದರೆ ಪರವಾನಗಿ ಶಾಶ್ವತವಾಗಿ ಉಳಿಯಿತೆಂದಲ್ಲ. ನೋಟೀಸು ಕೊಟ್ಟು, ಕೇಳಿ, ಉಪನಿರ್ದೇಶಕರು ತಾವೇ ಯೋಚಿಸಿ ಹೊಸ ಆದೇಶ ಮಾಡಲು ನ್ಯಾಯಾಲಯ ಸಾಮಾನ್ಯವಾಗಿ ಅವಕಾಶ ಬಿಡುತ್ತದೆ. ನ್ಯಾಯಾಲಯ ಪರಿಶೀಲಿಸುವುದು ನಿರ್ಣಯಕ್ಕೆ ಬಂದ ದಾರಿಯನ್ನು, ಅಕ್ಕಿಯ ಲೆಕ್ಕವನ್ನಲ್ಲ.

ಹಾಳೆ ತುಂಬುವಾಗ ಆಗುವ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಒಂದು ಕಡ್ಡಿಯ ಮೇಲೆ ಪೂರ್ಣ ವಾಕ್ಯ ಬಂದರೆ ಅದು ಮ್ಯಾಪ್ ಅಲ್ಲ, ನೋಟ್ಸು. ಮೂರು ನಾಲ್ಕು ಪದ ಮತ್ತು ಒಂದು ಪ್ರಕರಣಕ್ಕಿಂತ ಹೆಚ್ಚು ಬೇಡ. ಪ್ರಕರಣದ ಹೆಸರಿನ ಜೊತೆ ಸಂಗತಿಯ ಒಂದೇ ಪದವಿರಲಿ: ಸಿನಿಮಾ, ಅರಣ್ಯ, ಜೀಪು, ಚಿನ್ನ, ಪಾಸ್‌ಪೋರ್ಟ್. ಹೆಸರು ಮರೆತರೂ ಸಂಗತಿ ಬರೆದರೆ ಉತ್ತರ ನಿಲ್ಲುತ್ತದೆ, ಸಂಗತಿ ಮರೆತ ಹೆಸರು ಅಲಂಕಾರ ಮಾತ್ರ. ಇಸವಿಗಳೂ ಗೊಂದಲ ಮಾಡುತ್ತವೆ. ಗೋರ್ಧನ್‌ದಾಸ್ ತೀರ್ಪು ಬಂದದ್ದು 1951ರಲ್ಲಿ, ಎಐಆರ್‌ನಲ್ಲಿ ಅಚ್ಚಾದದ್ದು 1952ರಲ್ಲಿ. ಗೋವಿಂದರಾವ್ ತೀರ್ಪು 1963ರದು, ಎಐಆರ್ 1965. ಪುಸ್ತಕದಿಂದ ಪುಸ್ತಕಕ್ಕೆ ಇಸವಿ ಬದಲಾಗಲು ಇದೇ ಕಾರಣ. ಯಾವುದಾದರೂ ಒಂದು ಕ್ರಮ ಹಿಡಿದು ಇಡೀ ಹಾಳೆಯಲ್ಲಿ ಅದನ್ನೇ ಪಾಲಿಸಬೇಕು.

ವಾರದ ಮೊದಲ ಎರಡು ದಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆದ ಹಾಳೆ ಇನ್ನೂ ಬರೆದವರ ತಲೆಗೆ ಸೇರಿರುವುದಿಲ್ಲ. ಮೂರನೆಯ ದಿನ ಅದನ್ನು ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ನೆನಪಿನಿಂದ ಎಳೆಯಬೇಕು, ಬಿಟ್ಟುಹೋದ ಕಡ್ಡಿಗಳನ್ನು ಕೆಂಪು ಶಾಯಿಯಲ್ಲಿ ತುಂಬಬೇಕು. ಕೆಂಪು ಹೆಚ್ಚಿರುವ ಕೊಂಬೆಗೆ ಮಾತ್ರ ಪುಸ್ತಕಕ್ಕೆ ಮರಳಿದರೆ ಸಾಕು. ಚೆನ್ನಾಗಿ ಬರುವುದನ್ನೇ ಮತ್ತೆ ಓದುತ್ತ ಕೂರುವುದು ವಾರವನ್ನು ತಿಂದುಹಾಕುತ್ತದೆ. ಉಳಿದ ದಿನಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಸಮಸ್ಯೆಗಳನ್ನು ತೆಗೆದುಕೊಂಡು, ಉತ್ತರ ಬರೆಯದೆ, ಬೆರಳಿನ ದಾರಿಯನ್ನಷ್ಟೇ ಗುರುತಿಸುತ್ತ ಹೋಗಬೇಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಲು ಗೆರೆಯಿಲ್ಲದ ಜಾಗ ಸಿಕ್ಕರೆ ಅಲ್ಲೊಂದು ಗೆರೆ ಎಳೆದು, ಅದರ ಮೇಲೆ ಪ್ರಕರಣದ ಹೆಸರು ಬರೆಯಬೇಕು. ದೆಹಲಿ ಕಾನೂನುಗಳಂಥ ಪ್ರಕರಣದ ವಾದಸರಣಿಯನ್ನು ಈ ಹಾಳೆ ಕಲಿಸಲಾರದು. ಒಮ್ಮೆಯೂ ಪುಸ್ತಕದಲ್ಲಿ ಓದಿರದ ಅಧ್ಯಾಯದ ಕಡ್ಡಿಯನ್ನು ಬೇರೆಯವರ ಮ್ಯಾಪಿನಿಂದ ನಕಲು ಮಾಡಿಕೊಂಡರೆ, ಪ್ರಬಂಧ ಪ್ರಶ್ನೆಯ ಎದುರು ಆ ಮೂರು ಪದಗಳ ಆಚೆಗೆ ಬರೆಯಲು ಏನೂ ಇರುವುದಿಲ್ಲ.